"ನಮ್ಮೂರಲ್ಲಿ ಯಾರೂ ಮಾಡ್ಲಿಲ್ಲ" ಅಂದ್ರೆ ಅದು ಗ್ಯಾಪ್ ಅಲ್ಲ ಮಾರಾಯ್ರೆ!

ದೀಪಾವಳಿ ರಜೆಗೆ ಅಕ್ಕನ ಮಗ ಯಡ್ತರೆಗೆ ಬಂದಿದ್ದ. ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಕಜ್ಜಾಯ ತಿಂದು ಮುಗಿಸಿದವನೇ ಬ್ಯಾಗಿನಿಂದ ಒಂದು ಸ್ಪೈರಲ್ ಬೈಂಡಿಂಗ್ ತೆಗೆದು ನನ್ನ ಮುಂದಿಟ್ಟ. "ಮಾವ, ಒಂಚೂರ್ ಕಾಣಿ. ಸೋಮವಾರ ಕೊಡ್ಕ್" ಅಂದ. ಪ್ರಾಜೆಕ್ಟಿನ ಮೊದಲ ಹಂತದ ವರದಿ. ವಿಷಯ ಬೈಂದೂರು ಸುತ್ತಿನ ತೆರೆದ ಬಾವಿಗಳಿಗೆ ಉಪ್ಪುನೀರು ನುಗ್ಗುವುದು. ನನಗೆ ಖುಷಿಯಾಯ್ತು. ಹೊಳೆ ಬದಿಯ ಕೆಲವು ಬಾವಿಗಳ ನೀರು ಏಪ್ರಿಲ್ ಹೊತ್ತಿಗೆ ಬಾಯಿಗಿಡಲಾಗದಂತೆ ಆಗುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಮಾಣಿ ಒಳ್ಳೆ ವಿಷಯವನ್ನೇ ಹಿಡಿದಿದ್ದಾನೆ ಅಂದುಕೊಂಡು ಎರಡನೇ ಅಧ್ಯಾಯ ತೆಗೆದೆ. ಲಿಟರೇಚರ್ ರಿವ್ಯೂ.

ಖುಷಿ ಅಲ್ಲಿಗೇ ಮುಗೀತು.

ಇಪ್ಪತ್ತು ಪ್ಯಾರಾ. ಪ್ರತಿಯೊಂದೂ ಒಬ್ಬರ ಹೆಸರಿನಿಂದ ಶುರು. ಇಂಥವರು ಇಂಥ ವರ್ಷ ತಮಿಳುನಾಡಿನಲ್ಲಿ ಅಧ್ಯಯನ ಮಾಡಿದರು, ನೀರು ಉಪ್ಪಾಗಿದೆ ಎಂದು ಕಂಡುಕೊಂಡರು. ಇಂಥವರು ಗುಜರಾತಿನಲ್ಲಿ ಮಾಡಿದರು, ಅಲ್ಲೂ ಉಪ್ಪಾಗಿದೆ. ಇಂಥವರು ಈಜಿಪ್ಟಿನಲ್ಲಿ... ಹೀಗೆ ಮದುವೆ ಮನೆಯಲ್ಲಿ ಉಡುಗೊರೆ ಬರೆಸಿದ ಪಟ್ಟಿಯ ಹಾಗೆ ಸಾಗಿ, ಕಡೆಗೆ ಒಂದು ವಾಕ್ಯ: ಮೇಲಿನ ಅಧ್ಯಯನಗಳಿಂದ ತಿಳಿಯುವುದೇನೆಂದರೆ ಬೈಂದೂರು ಭಾಗದಲ್ಲಿ ಇಂಥ ಅಧ್ಯಯನ ನಡೆದಿಲ್ಲ, ಆದ್ದರಿಂದ ಈ ಪ್ರಾಜೆಕ್ಟ್ ಆ ಕೊರತೆಯನ್ನು ತುಂಬುತ್ತದೆ.

"ಇಪ್ಪತ್ತೇ ಎಂತಕ್ಕೆ ಮಾಣಿ?" ಕೇಳಿದೆ.

"ಸರ್ ಹೇಳಿರ್, ಇಪ್ಪತ್ ಪೇಪರ್ ಬೇಕಂಬ್ರ್. ಕಡೆಗೆ ಗ್ಯಾಪ್ ಅಂದೇಳಿ ಒಂದ್ ಪ್ಯಾರಾ."

ಕಾಲೇಜಿನ ಹೆಸರು ಬೇಡ. ಒಂದು ಕಾಲೇಜಿನ ಕಾಯಿಲೆಯೂ ಇದಲ್ಲ. ಕಳೆದ ಕೆಲವು ವರ್ಷಗಳಲ್ಲಿ ಅಕ್ಕಪಕ್ಕದ ಮಕ್ಕಳು ತಂದು ತೋರಿಸಿದ ವರದಿಗಳಲ್ಲಿ ಈ ಕಡೆಯ ವಾಕ್ಯ ಬದಲಾಗಿದ್ದು ನಾನು ಕಂಡಿಲ್ಲ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ನನ್ನ ಜಗಳ ಈ ವಾಕ್ಯದ ಜೊತೆ.

ಯೋಚಿಸಿ ನೋಡಿ. ತೆಂಗಿನಕಾಯಿ ಮೇಲಿಂದ ಬಿಟ್ಟರೆ ಕೆಳಗೆ ಬೀಳುತ್ತದೆ ಎಂದು ಯಡ್ತರೆಯಲ್ಲಿ ಯಾರೂ ಸಂಶೋಧನೆ ಮಾಡಿಲ್ಲ. ಹಾಗಂತ ಅದು ಜ್ಞಾನದ ಕೊರತೆಯಾ? ಶಿರೂರಿನಲ್ಲಿ ಬೀಳುವ ಕಾಯಿ ಯಡ್ತರೆಯಲ್ಲೂ ಬೀಳುತ್ತದೆ, ಪರೀಕ್ಷಿಸಬೇಕಾಗಿಲ್ಲ. ಜಾಗ ಬದಲಾಯಿತು ಎಂಬ ಮಾತ್ರಕ್ಕೆ ಗ್ಯಾಪ್ ಹುಟ್ಟುವುದಿಲ್ಲ. ಈ ಜಾಗದಲ್ಲಿರುವ ಏನೋ ಒಂದು ಸಂಗತಿ, ಬೇರೆ ಕಡೆ ಸಿಕ್ಕ ಉತ್ತರವನ್ನು ಇಲ್ಲಿ ಸುಳ್ಳು ಮಾಡಬಹುದು ಎಂದು ತೋರಿಸಿದಾಗ ಮಾತ್ರ ಅದು ಗ್ಯಾಪ್. ಆ "ಏನೋ ಒಂದು" ಯಾವುದು ಎಂದು ಹುಡುಕುವುದಕ್ಕೇ ಲಿಟರೇಚರ್ ರಿವ್ಯೂ ಇರುವುದು. ಇಪ್ಪತ್ತು ಪ್ಯಾರಾಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಇನ್ನೂ ಒಂದು ಪ್ರಶ್ನೆ ಇದೆ. "ಯಾರೂ ಮಾಡಿಲ್ಲ" ಎಂದು ಇವನಿಗೆ ಹೇಗೆ ಗೊತ್ತು?

"ಎಂತ ಹಾಕಿ ಹುಡುಕಿದ್ದೆ?" ಕೇಳಿದೆ. `seawater intrusion Byndoor` ಅಂತ ಹಾಕಿದ್ನಂತೆ. ಏನೂ ಸಿಕ್ಕಲಿಲ್ಲವಂತೆ. ಮುಗೀತು, ಯಾರೂ ಮಾಡಿಲ್ಲ!

ಬೈಂದೂರು ತಾಲೂಕು ಅಂತ ಕೆಲಸ ಶುರು ಮಾಡಿದ್ದು 2018ರಲ್ಲಿ. ಅದಕ್ಕೂ ಮೊದಲಿನ ವರದಿಗಳೆಲ್ಲ ಕುಂದಾಪುರ ತಾಲೂಕಿನ ಹೆಸರಿನಲ್ಲಿವೆ. 1997ಕ್ಕೆ ಮುಂಚೆ ಉಡುಪಿ ಜಿಲ್ಲೆಯೇ ಇರಲಿಲ್ಲ, ಆಗ ನಾವು ದಕ್ಷಿಣ ಕನ್ನಡದವರು. ಅದಕ್ಕೂ ಹಿಂದೆ ಸೌತ್ ಕೆನರಾ. ಇಂಗ್ಲಿಷ್ ಕಾಗುಣಿತದ ಕತೆಯಂತೂ ಕೇಳಬೇಡಿ. ಹಾಗಾಗಿ `Baindur`, `Baindoor`, `Kundapur`, `Coondapoor`, `South Kanara`, `South Canara` ಎಲ್ಲವನ್ನೂ ಹಾಕಿ ನೋಡಬೇಕು. ವಿಷಯಕ್ಕೂ ಒಂದೇ ಹೆಸರಿಲ್ಲ. ಕೆಲವರು `saltwater intrusion` ಅಂತಾರೆ, ಕೆಲವರು `saline intrusion`, ಸರಕಾರಿ ವರದಿಗಳಲ್ಲಿ `salinity ingress` ಸಿಗಬಹುದು. ಸುರತ್ಕಲ್ಲಿನ ಎನ್‌ಐಟಿಕೆ 2002ರ ತನಕ ಕೆಆರ್‌ಇಸಿ ಆಗಿತ್ತು, ಹಳೆಯ ಕೆಲಸಗಳು ಆ ಹೆಸರಿನಲ್ಲಿವೆ.

ಎಲ್ಲಿ ಹುಡುಕಬೇಕು ಅನ್ನುವುದೂ ಮುಖ್ಯ. ಪತ್ರಿಕೆಗಳಲ್ಲಿ ಬಂದದ್ದಷ್ಟೇ ಸಾಹಿತ್ಯ ಅಲ್ಲ. ಕೇಂದ್ರ ಅಂತರ್ಜಲ ಮಂಡಳಿ ಉಡುಪಿ ಜಿಲ್ಲೆಯ ಮೇಲೆ ವರದಿ ತಂದಿದೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಣ ಕೊಡುತ್ತದೆ, ಹಾಗೆ ಹಣ ಪಡೆದ ಹಿಂದಿನ ಪ್ರಾಜೆಕ್ಟುಗಳ ಸಾರಾಂಶ ನೋಡಬೇಕು. ಇವಿಷ್ಟನ್ನೂ ನೋಡಿದ ಮೇಲೆ ಕೂಡ "ನಡೆದಿಲ್ಲ" ಅಂತ ಬರೆಯುವ ಹಕ್ಕು ನಮಗಿಲ್ಲ. "ಇಂಥಿಂಥ ಕಡೆ, ಇಂಥ ಪದಗಳನ್ನು ಹಾಕಿ, ಇಂಥ ತಿಂಗಳಲ್ಲಿ ಹುಡುಕಿದೆವು, ಕಾಣಲಿಲ್ಲ" ಅಂತ ಬರೆಯಬಹುದು. ಇದು ಪ್ರಾಮಾಣಿಕ. ಓದಿದವರು ಬಿಟ್ಟುಹೋದ ಪದವನ್ನು ಹಾಕಿ ತಾವೂ ಹುಡುಕಿ ನೋಡಬಹುದು.

ಮಾಣಿಯ ಪಟ್ಟಿಯಲ್ಲಿ ಈಜಿಪ್ಟ್ ಇತ್ತು. ಆದರೆ ಸುರತ್ಕಲ್ಲಿನ ಎನ್‌ಐಟಿಕೆಯವರು ನಮ್ಮದೇ ಕರಾವಳಿಯಲ್ಲಿ, ಪಾವಂಜೆ ಮತ್ತು ಗುರುಪುರ ಹೊಳೆಗಳ ಪ್ರದೇಶದಲ್ಲಿ, ಉಪ್ಪುನೀರು ನುಗ್ಗುವುದರ ಬಗ್ಗೆ ಮಾಡಿ ಪ್ರಕಟಿಸಿದ ಕೆಲಸ ಇರಲಿಲ್ಲ. ಅಲ್ಲಿಯೂ ಮುರಕಲ್ಲು, ಅಲ್ಲಿಯೂ ಅದೇ ಮಳೆ, ಅಲ್ಲಿಯೂ ಬೇಸಿಗೆಯಲ್ಲಿ ಹೊಳೆಗೆ ಏರುವ ಉಬ್ಬರದ ನೀರು. ಇದನ್ನು ಬಿಟ್ಟು ಈಜಿಪ್ಟಿಗೆ ಹೋದದ್ದು ಎಂತಕ್ಕೆ? ಅದು ಮೊದಲ ಪುಟದಲ್ಲಿ ಸಿಕ್ಕಿತು, ಅದಕ್ಕೆ!

ಸರಿ, ಈಗ ಪಟ್ಟಿಯ ವಿಷಯಕ್ಕೆ ಬರೋಣ. ನಾನು ಅವನಿಗೆ ಒಂದು ಪರೀಕ್ಷೆ ಹೇಳಿದೆ. ಎರಡನೇ ಅಧ್ಯಾಯದ ಒಂದು ಪ್ಯಾರಾಕ್ಕೆ ಪೆನ್ಸಿಲಿನಲ್ಲಿ ಕಾಟು ಹಾಕು. ಆಮೇಲೆ ಮೂರನೇ ಅಧ್ಯಾಯ, ಅಂದರೆ ನೀನು ಮಾಡುವ ವಿಧಾನ, ಓದು. ಅದರಲ್ಲಿ ಏನಾದರೂ ಬದಲಾಗುತ್ತದಾ? ಇಲ್ಲವಾದರೆ ಆ ಪ್ಯಾರಾ ಅಲಂಕಾರಕ್ಕೆ ಬಂದದ್ದು.

ಮೊದಲ ಪ್ಯಾರಾವೇ ಬಿತ್ತು. ಅದರಲ್ಲಿ ಘೈಬೆನ್ ಮತ್ತು ಹರ್ಜ್‌ಬರ್ಗ್ ಇದ್ದರು. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಆಳದ ತನಕ ಸಿಹಿನೀರೇ ಇರುತ್ತದೆ ಎನ್ನುವ ಪ್ರಸಿದ್ಧ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಮಾಣಿ ಯಾವ ಬಾವಿಯ ನೀರಿನ ಮಟ್ಟವನ್ನೂ ಸಮುದ್ರ ಮಟ್ಟಕ್ಕೆ ಹೋಲಿಸಿ ಅಳೆಯುವವನಲ್ಲ. ಹಾಗಾದರೆ ಅವರಿಬ್ಬರು ಇಲ್ಲಿ ಎಂತ ಮಾಡ್ತಾರೆ? ಹೀಗೆ ಕಾಟು ಹಾಕುತ್ತ ಹೋದರೆ ಇಪ್ಪತ್ತರಲ್ಲಿ ಹದಿನೇಳು ಹೋದವು. ಅವನ ಮುಖ ಬಾಡಿತು.

ಉಳಿದ ಮೂರರಲ್ಲಿ ಒಂದು ಸಿಕ್ಕಿತು ನೋಡಿ! ಮೂರನೇ ಅಧ್ಯಾಯದಲ್ಲಿ ಅವನು ಬರೆದಿದ್ದ: ಬಾವಿ ನೀರಿನ ಕ್ಲೋರೈಡನ್ನು ಬೈಕಾರ್ಬೊನೇಟಿನಿಂದ ಭಾಗಿಸುತ್ತೇವೆ. ಉತ್ತರ 0.5ಕ್ಕಿಂತ ಕಡಿಮೆ ಬಂದರೆ ಒಳ್ಳೆಯ ನೀರು. 0.5ರಿಂದ 6.6ರ ತನಕ ಬಂದರೆ ಸ್ವಲ್ಪದಿಂದ ಮಧ್ಯಮ ಮಟ್ಟಕ್ಕೆ ಉಪ್ಪುನೀರು ಬೆರೆತಿದೆ. 6.6 ದಾಟಿದರೆ ಬಲವಾಗಿ ಬೆರೆತಿದೆ.

"ಈ 0.5 ಎಲ್ಲಿಂದ ಬಂತು?"

"ಪೇಪರಿಂಗ್ ಇತ್ತ್ ಮಾವ."

"ಆ ಪೇಪರಿಗೆ ಎಲ್ಲಿಂದ ಬಂತು?"

"ಗೊತ್ತಿಲ್ಲೆ."

ಇಲ್ಲಿದೆ ವಿಷಯ. ಈ ಅನುಪಾತವನ್ನು ಮುಂದಿಟ್ಟವರು ಅಮೆರಿಕದ ಸಮುದ್ರ ವಿಜ್ಞಾನಿ ರೋಜರ್ ರೆವೆಲ್, 1941ರಲ್ಲಿ. ಅವರ ತರ್ಕ ಸರಳ. ಕ್ಲೋರೈಡ್ ಒಂದನ್ನೇ ಅಳೆದರೆ ಅದು ಸಮುದ್ರದ್ದೋ, ಬೇರೆ ಕಡೆಯದ್ದೋ ಗೊತ್ತಾಗುವುದಿಲ್ಲ. ನೆಲದ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಹೆಚ್ಚು, ಕ್ಲೋರೈಡ್ ಕಡಿಮೆ. ಸಮುದ್ರದ ನೀರಿನಲ್ಲಿ ಇದು ಪೂರಾ ತಿರುಗಾಮುರುಗಾ, ಅಲ್ಲಿ ಅನುಪಾತ ಇನ್ನೂರನ್ನು ದಾಟುತ್ತದೆ. ಹಾಗಾಗಿ ಬಾವಿಯಲ್ಲಿ ಅನುಪಾತ ಏರುತ್ತಿದ್ದರೆ ಸಮುದ್ರದ ಮೇಲೆ ಗುಮಾನಿ ಪಡಬಹುದು. ನಂತರದವರು ಅದಕ್ಕೆ 0.5, 6.6 ಎಂಬ ಮೆಟ್ಟಿಲುಗಳನ್ನು ಕಟ್ಟಿ ಬಳಸುತ್ತ ಬಂದರು. ನಮ್ಮ ಮಕ್ಕಳು ಮೆಟ್ಟಿಲನ್ನು ನಕಲು ಮಾಡಿದರು, ತರ್ಕವನ್ನು ಬಿಟ್ಟರು.

ತರ್ಕದಲ್ಲಿ ಒಂದು ಷರತ್ತು ಅಡಗಿದೆ: ನೆಲದ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿರಬೇಕು. ನಮ್ಮ ಮುರಕಲ್ಲಿನಲ್ಲಿ ಹೆಚ್ಚಿದೆಯಾ? ಬಯಲುಸೀಮೆಯ ನೆಂಟರ ಮನೆಯಲ್ಲಿ ಬೋರ್‌ವೆಲ್ ನೀರು ಕಾಸಿದ ಪಾತ್ರೆ ನೋಡಿ, ತಳದಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ನಮ್ಮ ಬಾವಿ ನೀರಿಗೆ ಅಂಥ ಪೊರೆ ಅಪರೂಪ. ಸಾವಿರಾರು ವರ್ಷಗಳ ಮಳೆ ಈ ಕಲ್ಲಿನ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ನೀರು ಮೆದು, ಸ್ವಲ್ಪ ಹುಳಿಯ ಕಡೆಗೆ, ಬೈಕಾರ್ಬೊನೇಟ್ ಕಡಿಮೆ.

ಈಗ ಲೆಕ್ಕ ಹಾಕೋಣ. ಇವು ಅಳೆದ ಅಂಕಿಗಳಲ್ಲ, ತಿಳಿಯುವುದಕ್ಕೆ ಇಟ್ಟುಕೊಂಡ ಅಂಕಿಗಳು. ಮುರಕಲ್ಲಿನ ಒಂದು ಬಾವಿಯಲ್ಲಿ ಲೀಟರಿಗೆ ಕ್ಲೋರೈಡ್ 20 ಮಿಲಿಗ್ರಾಂ, ಬೈಕಾರ್ಬೊನೇಟೂ 20 ಮಿಲಿಗ್ರಾಂ ಇರಲಿ. ಅನುಪಾತವನ್ನು ಮಿಲಿಗ್ರಾಂನಲ್ಲಿ ತೆಗೆಯಬಾರದು, ಮಿಲಿಈಕ್ವಿವಲೆಂಟಿಗೆ ತಿರುಗಿಸಬೇಕು. ಕ್ಲೋರೈಡನ್ನು 35.45ರಿಂದ ಭಾಗಿಸಿದರೆ 0.56. ಬೈಕಾರ್ಬೊನೇಟನ್ನು 61ರಿಂದ ಭಾಗಿಸಿದರೆ 0.33. ಅನುಪಾತ 1.7. ಮಾಣಿಯ ಕೋಷ್ಟಕದ ಪ್ರಕಾರ ಈ ಬಾವಿಗೆ ಉಪ್ಪುನೀರು ಬೆರೆತಿದೆ! ಆದರೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವ ಕ್ಲೋರೈಡ್ 250 ಮಿಲಿಗ್ರಾಂ. ಇದು ಅದರ ಹತ್ತನೇ ಒಂದು ಭಾಗವೂ ಅಲ್ಲ. ಕುಡಿದವರಿಗೆ ಎಳನೀರಿನಷ್ಟು ಸಿಹಿ.

ಇನ್ನೊಂದು ಬಾವಿ ನೋಡಿ, ಸುಣ್ಣದಂಶ ಇರುವ ನೆಲದ್ದು. ಕ್ಲೋರೈಡ್ 40, ಬೈಕಾರ್ಬೊನೇಟ್ 200. ಭಾಗಿಸಿದರೆ 1.13 ಮತ್ತು 3.28, ಅನುಪಾತ 0.34. ಕೋಷ್ಟಕ ಇದನ್ನು ಶುದ್ಧ ಅನ್ನುತ್ತದೆ. ಕ್ಲೋರೈಡ್ ಎರಡು ಪಟ್ಟು ಇರುವ ನೀರು ಪಾಸು, ಅರ್ಧ ಇರುವ ನೀರು ಫೇಲು. ತಪ್ಪು ಬಾವಿಯದ್ದಲ್ಲ. ಕೆಳಗಿನ ಸಂಖ್ಯೆ ಚಿಕ್ಕದಾದ್ದರಿಂದ ಅನುಪಾತ ಏರಿ ಕೂತಿದೆ. ಇದರ ಮೇಲೆ ಕಡಲಿನಿಂದ ಬರುವ ಗಾಳಿ ಮಳೆಗಳೇ ಸ್ವಲ್ಪ ಉಪ್ಪು ತಂದು ಸುರಿಯುತ್ತವೆ, ಅದಕ್ಕೂ ಬಾವಿಯೊಳಗೆ ನುಗ್ಗುವುದಕ್ಕೂ ಸಂಬಂಧವಿಲ್ಲ.

"ಹಾಂಗಾರೆ ನನ್ ಪ್ರಾಜೆಕ್ಟ್ ಹೋಯ್ತಾ ಮಾವ?" ಅಂದ. ಹೋದದ್ದಲ್ಲ ಮಾರಾಯ, ಈಗ ಬಂತು! ಬೇರೆ ಕಡೆ ಚೆನ್ನಾಗಿ ಕೆಲಸ ಮಾಡಿದ ಒಂದು ಅಳತೆಗೋಲು ಇದೆ. ನಮ್ಮ ನೆಲದ ಒಂದು ಗುಣದಿಂದ ಅದು ಇಲ್ಲಿ ಸುಳ್ಳು ಹೇಳಬಹುದು. ಹೇಳುತ್ತದೋ ಇಲ್ಲವೋ ನೋಡಬೇಕು. ಗ್ಯಾಪ್ ಅಂದರೆ ಇದು.

ಆ ರಾತ್ರಿ ಕೂತು ಕಡೆಯ ಪ್ಯಾರಾವನ್ನು ಬೇರೆಯಾಗಿ ಬರೆದೆವು. ಮೂರೇ ಹೆಜ್ಜೆ. ಮೊದಲು, ಗೊತ್ತಿರುವುದು: ಕರಾವಳಿಯ ಬಾವಿಗಳಲ್ಲಿ ಈ ಅನುಪಾತ 0.5 ದಾಟಿದರೆ ಉಪ್ಪುನೀರಿನ ಪ್ರಭಾವ ಎಂದು ವರ್ಗೀಕರಿಸುವ ರೂಢಿ ಇದೆ. ಎರಡನೆಯದು, ಅನುಮಾನ: ಬೈಕಾರ್ಬೊನೇಟ್ ಸಹಜವಾಗಿಯೇ ಕಡಿಮೆ ಇರುವ ಮುರಕಲ್ಲಿನಲ್ಲಿ ಈ ಮಿತಿ ಸಿಹಿನೀರನ್ನೂ ಉಪ್ಪಿನ ಸಾಲಿಗೆ ಸೇರಿಸಬಹುದು, ನಾವು ಓದಿದ ಅಧ್ಯಯನಗಳಲ್ಲಿ ಇದನ್ನು ಪರೀಕ್ಷಿಸಿದ್ದು ಕಾಣಲಿಲ್ಲ. ಮೂರನೆಯದು, ನಾವು ಮಾಡುವುದು: ಹೊಳೆ ಬದಿಯ ಐದು ಬಾವಿ, ಹೊಳೆಯಿಂದ ದೂರ ಎತ್ತರದಲ್ಲಿರುವ ಮುರಕಲ್ಲಿನ ಐದು ಬಾವಿ, ಡಿಸೆಂಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಎರಡನ್ನೂ ಅಳೆದು ಹೋಲಿಸುತ್ತೇವೆ.

ಈಗ ವಿಧಾನವೂ ತಾನಾಗಿ ಬದಲಾಯಿತು, ಗಮನಿಸಿದಿರಾ? ಮೊದಲು ಅವನು ಹೊಳೆ ಬದಿಯ ಬಾವಿಗಳನ್ನು ಮಾತ್ರ, ಅದೂ ಒಮ್ಮೆ ಮಾತ್ರ ಅಳೆಯುವವನಿದ್ದ. ಹಾಗೆ ಮಾಡಿದ್ದರೆ 1.7 ಬಂದ ಕೂಡಲೇ "ಉಪ್ಪುನೀರು ನುಗ್ಗಿದೆ" ಅಂತ ಬರೆದು ಮುಗಿಸುತ್ತಿದ್ದ. ಈಗ ಎತ್ತರದ ಬಾವಿಗಳಲ್ಲಿ ಕ್ಲೋರೈಡ್ ಆರು ತಿಂಗಳೂ ಅಲ್ಲಾಡದೆ ಕಡಿಮೆಯೇ ಇದ್ದು ಅನುಪಾತ ಮಾತ್ರ 0.5ರ ಮೇಲಿದ್ದರೆ, ಮಿತಿಯೇ ತಪ್ಪು ಎಂದು ಗೊತ್ತಾಗುತ್ತದೆ. ಹೊಳೆ ಬದಿಯಲ್ಲಿ ಬೇಸಿಗೆ ಏರಿದಂತೆ ಕ್ಲೋರೈಡೂ ಏರುತ್ತಿದ್ದರೆ ಅದು ನಿಜವಾದ ಉಪ್ಪು. ಹತ್ತು ಬಾವಿ, ಆರು ತಿಂಗಳು, 60 ಮಾದರಿ. ನಾಲ್ಕು ಜನ ಹುಡುಗರಿಗೆ ಸಾಧ್ಯವಾದ ಕೆಲಸ. ಬೈಕಾರ್ಬೊನೇಟನ್ನು ಮಾತ್ರ ಅದೇ ದಿನ ಟೈಟ್ರೇಷನ್ ಮಾಡಿ ನೋಡಬೇಕು, ಬಾಟಲಿಯಲ್ಲಿ ದಿನಗಟ್ಟಲೆ ಇಟ್ಟರೆ ಬದಲಾಗುತ್ತದೆ. ಇಲ್ಲಿ ಮೊದಲೇ ಚಿಕ್ಕದಾದ ಸಂಖ್ಯೆ, ಸ್ವಲ್ಪ ತಪ್ಪಿದರೂ ಅನುಪಾತ ಎಲ್ಲೋ ಹೋಗುತ್ತದೆ.

ಇದಕ್ಕೆ ಎಷ್ಟು ಪೇಪರ್ ಬೇಕಾಯಿತು? ಏಳು. ರೆವೆಲ್, ಮೆಟ್ಟಿಲುಗಳನ್ನು ಬಳಸಿದ ಒಂದೆರಡು, ಮುರಕಲ್ಲಿನ ನೀರಿನ ಗುಣದ ಬಗ್ಗೆ ಒಂದೆರಡು, ಎನ್‌ಐಟಿಕೆಯದ್ದು, ಅಂತರ್ಜಲ ಮಂಡಳಿಯ ವರದಿ. ಪ್ಯಾರಾಗಳು ಹೆಸರಿನಿಂದ ಶುರುವಾಗುವುದೂ ನಿಂತಿತು. "ಅನುಪಾತ ಏಕೆ ಬಳಸುತ್ತಾರೆ" ಎಂಬುದು ಒಂದು ಪ್ಯಾರಾ, ಅದರಲ್ಲಿ ಮೂವರು ಒಟ್ಟಿಗೆ. "ಮುರಕಲ್ಲಿನ ನೀರು ಹೇಗೆ ಬೇರೆ" ಎಂಬುದು ಇನ್ನೊಂದು. ಒಂದೇ ಪ್ಯಾರಾದಲ್ಲಿ ಇಬ್ಬರು ಎದುರುಬದುರು ಕೂತು ಮಾತಾಡದಿದ್ದರೆ ಅದು ರಿವ್ಯೂ ಅಲ್ಲ, ಹಾಜರಿ ಪುಸ್ತಕ.

ನೀವು ಕೇಳಬಹುದು, ಡಿಗ್ರಿ ಮಕ್ಕಳ ಮೇಲೆ ಇಷ್ಟೆಲ್ಲ ಹೊರಿಸಬೇಕಾ ಅಂತ. ಹೊರೆ ಯಾವುದು ಸ್ವಾಮಿ? ಓದದ ಇಪ್ಪತ್ತು ಪೇಪರಿನ ಸಾರಾಂಶ ನಕಲು ಮಾಡಿ, ನಕಲು ಅಂತ ಗೊತ್ತಾಗದ ಹಾಗೆ ಒಂದೊಂದೇ ಪದ ತಿರುಚುತ್ತ ಎರಡು ವಾರ ಕಳೆಯುವುದು ಹೊರೆ. ಏಳನ್ನು ಓದುವುದಲ್ಲ.

ಇನ್ನೊಂದು ಮಾತನ್ನು ಒಪ್ಪುತ್ತೇನೆ. ಯಾವ ಬಾವಿಯ ನೀರು ಕುಡಿಯಲು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪಟ್ಟಿ ಊರಿಗೆ ಬೇಕೇ ಬೇಕು. ಅದಕ್ಕಾಗಿ ಬಾವಿಗಳನ್ನು ಅಳೆದರೆ ಅದು ಒಳ್ಳೆಯ ಕೆಲಸ. ಆದರೆ ಅದನ್ನು ಸಮರ್ಥಿಸುವುದು ಊರಿನ ಅಗತ್ಯ, ಸಾಹಿತ್ಯದ ಕೊರತೆಯಲ್ಲ. ಹಾಗಂತಲೇ ಬರೆಯಿರಿ: ವಿಧಾನ ಹಳೆಯದು, ಪ್ರಶ್ನೆ ಹೊಸದಲ್ಲ, ಊರಿಗೆ ಈ ಪಟ್ಟಿ ಬೇಕಾಗಿದೆ. ಅದರಲ್ಲಿ ನಾಚಿಕೆ ಎಂತದ್ದು? ಅಗತ್ಯಕ್ಕೆ ಗ್ಯಾಪಿನ ವೇಷ ಹಾಕಿ ಕುಣಿಸುವುದೇ ನನಗೆ ಆಗದ ವಿಷಯ.

ಸೋಮವಾರ ಮಾಣಿ ವರದಿ ಕೊಟ್ಟ. ಸಂಜೆ ಫೋನು ಬಂತು. "ಮಾವ, ಏಳೇ ಆಯ್ತಲೆ, ಇನ್ನ್ ಹದಿಮೂರ್ ಹಾಕ್ಕಂಬ ಅಂದ್ರ್."

ನಾನು ಎಂತ ಹೇಳ್ಲಿ? ಹಾಕು ಅಂದೆ. ಆದರೆ ಅವನ್ನು ಬೇರೆ ಕೋಷ್ಟಕ ಮಾಡಿ ಕಡೆಗೆ ಹಾಕು, ನಿನ್ನ ಏಳನ್ನು ಮುಟ್ಟಬೇಡ ಅಂದೆ. ಡಿಸೆಂಬರಿನಲ್ಲಿ ಬಾಟಲಿ ಹಿಡಿದು ಬರ್ತಾನಂತೆ. ಎತ್ತರದ ಐದು ಬಾವಿಗಳಲ್ಲಿ ಮೊದಲನೆಯದು ನಮ್ಮ ಮನೆಯದ್ದೇ.